ಶಾಲಿನ ತುದಿ ಎಲ್ಲಿದೆ ಎಂದು ಮೊದಲು ನೋಡಿ

ಬೇಸಿಗೆಯಲ್ಲಿ ಕುಂಬ್ಡಾಜೆಯಿಂದ ಬದಿಯಡ್ಕಕ್ಕೆ ಸ್ಕೂಟರಿನಲ್ಲಿ ಹೋಗುವಾಗ ಕೆಂಪು ಧೂಳಿಗೆ ಶಾಲು ಬೇಕೇ ಬೇಕು. ನಾನು ತೆಳು ಹತ್ತಿಯದನ್ನು ಮೂಗಿನವರೆಗೆ ಕಟ್ಟಿ, ಹೆಲ್ಮೆಟಿನ ಗಾಜು ಇಳಿಸುತ್ತೇನೆ. ದಪ್ಪ ಧೂಳನ್ನು ಬಟ್ಟೆ ತಡೆಯುತ್ತದೆ, ಸಣ್ಣ ಪುಡಿಯನ್ನಲ್ಲ.

ಹೆಲ್ಮೆಟಿನೊಳಗೆ ಶಾಲು ಒಂದೇ ಪದರ ಇರಲಿ. ನೆತ್ತಿಯಲ್ಲಿ ಪಿನ್ನು ಬೇಡ. ಎತ್ತರದ ತುರುಬು ಅಥವಾ ಹಿಂದಿನ ಗಂಟು ಹೆಲ್ಮೆಟನ್ನು ಕಣ್ಣಿನ ಮೇಲೆ ತಳ್ಳುತ್ತದೆ. ನುಣುಪು ಬಟ್ಟೆಯ ಮೇಲೆ ಅದು ಜಾರುತ್ತದೆ. ಪಟ್ಟಿ ಬಿಗಿದು ಹೆಲ್ಮೆಟನ್ನು ಅಲ್ಲಾಡಿಸಿ. ಹಣೆಯ ಚರ್ಮವೂ ಜೊತೆಗೆ ಸರಿದರೆ ಸರಿ. ಹಿಂದಿನಿಂದ ಎತ್ತಿದರೆ ಕಳಚಿ ಬರಬಾರದು.

ಹೆಚ್ಚಿನ ಅಪಾಯ ಇಳಿಬಿದ್ದ ತುದಿಯಲ್ಲಿ. ಉಮ್ಮ ಹಿಂದೆ ಒಂದು ಬದಿಗೆ ಕೂರುತ್ತಾರೆ. ಗಾಳಿಗೆ ಅವರ ಶಾಲು ಚಕ್ರದ ಕಡೆಗೇ ಹಾರುತ್ತದೆ. ಬಟ್ಟೆ ಸಿಕ್ಕದಂತೆ ಹಿಂದಿನ ಚಕ್ರದ ಅರ್ಧವನ್ನಾದರೂ ಮುಚ್ಚಬೇಕು ಎಂದು 1989ರ ಕೇಂದ್ರ ಮೋಟಾರು ವಾಹನ ನಿಯಮ ಹೇಳುತ್ತದೆ. ಉಳಿದರ್ಧ ತೆರೆದೇ ಇರಬಹುದು. ತುದಿ ಒಮ್ಮೆ ಸಿಕ್ಕಿದರೆ ಚಕ್ರ ಪೂರ್ತಿ ಶಾಲನ್ನು ಎಳೆದುಕೊಳ್ಳುತ್ತದೆ. ನರ್ತಕಿ ಇಸಡೋರಾ ಡಂಕನ್ 1927ರಲ್ಲಿ ಫ್ರಾನ್ಸಿನ ನೀಸ್‌ನಲ್ಲಿ ತೀರಿಕೊಂಡದ್ದು ಕತ್ತಿನ ಶಾಲು ಕಾರಿನ ಚಕ್ರಕ್ಕೆ ಸಿಕ್ಕಿಯೇ.

ಆದ್ದರಿಂದ ಶಾಲನ್ನು ಕತ್ತಿಗೆ ಸುತ್ತುವುದಿಲ್ಲ. ಎರಡೂ ತುದಿಗಳನ್ನು ಎದೆಯ ಮೇಲೆ ಅಡ್ಡ ತಂದು ಮೇಲಂಗಿಯೊಳಗೆ ಸಿಕ್ಕಿಸುತ್ತೇವೆ. ಉಮ್ಮ "ಆಯ್ತು" ಎಂದ ಮೇಲೆಯೇ ಗಾಡಿ ಹೊರಡುವುದು. ದಾರಿಯಲ್ಲಿ ಎಳೆತ ಅನಿಸಿದರೆ ಕೂಗಿ ಹೇಳಬೇಕು. ಸವಾರರು ಕೂಡಲೇ ಆಕ್ಸಿಲರೇಟರ್ ಬಿಟ್ಟು ನಿಲ್ಲಿಸಬೇಕು. ಎಂಜಿನ್ ಆರಿಸಿದ ಮೇಲೆಯೇ ಬಟ್ಟೆಗೆ ಕೈ ಹಾಕಿ. ಬಿಡಿಸಲಾಗದಿದ್ದರೆ ಕತ್ತರಿಸಿ.