ಅಕ್ಕನ ಮಾಸ್ಟರ್ ಬಾಲ್

ಒಂದು ಹಳೇ ತಪ್ಪನ್ನು ಸರಿಪಡಿಸಲು ಹೋಗಿ, ಇನ್ನೊಂದು ದೊಡ್ಡ ತಪ್ಪಿನ ಅಂಚಿಗೆ ಬಂದು ನಿಂತ ಕಥೆ ಇದು.

ನಾನು ಐದನೇ ಕ್ಲಾಸಿನಲ್ಲಿದ್ದಾಗ ಮಸ್ಕತ್‌ನಲ್ಲಿದ್ದ ಚಿಕ್ಕಪ್ಪ ರಜಕ್ಕೆ ಬಂದವರು ಅಕ್ಕನಿಗೆ ಒಂದು ಗೇಮ್ ಬಾಯ್ ತಂದುಕೊಟ್ಟರು. ಜೊತೆಗಿದ್ದದ್ದು ಒಂದೇ ಕಾರ್ಟ್ರಿಡ್ಜ್, ಕೆಂಪು ಬಣ್ಣದ ಪೋಕೆಮಾನ್ ರೆಡ್. ಸಾಗರದಂಥ ಊರಿನಲ್ಲಿ ಆಗ ಅದನ್ನು ಕಂಡವರು ಎಷ್ಟು ಮಂದಿ ಇದ್ದರೋ ಗೊತ್ತಿಲ್ಲ, ನಮ್ಮ ಬೀದಿಯಲ್ಲಂತೂ ಇರಲಿಲ್ಲ. ಆಟದ ಶುರುವಿನಲ್ಲಿ ನಿಮ್ಮ ಹೆಸರನ್ನೂ ಎದುರಾಳಿಯ ಹೆಸರನ್ನೂ ಕೊಡಬೇಕು. ಅಕ್ಕ ತನ್ನ ಹೆಸರಿನ ಜಾಗದಲ್ಲಿ AKKA ಎಂದೂ, ಎದುರಾಳಿಗೆ MANGA ಎಂದೂ ಬರೆದಳು. ಆ ಮಂಗ ಯಾರು ಅಂತ ಬಿಡಿಸಿ ಹೇಳಬೇಕಿಲ್ಲ.

ಆ ಆಟದಲ್ಲಿ ಮಾಸ್ಟರ್ ಬಾಲ್ ಅಂತ ಒಂದು ವಸ್ತುವಿದೆ. ಎಸೆದರೆ ಎಂಥ ಪ್ರಾಣಿಯೂ ಸಿಕ್ಕಿಬೀಳುತ್ತದೆ. ಇಡೀ ಆಟಕ್ಕೆ ಒಂದೇ ಸಿಗುವುದು, ಸಿಲ್ಫ್ ಕಂಪನಿಯ ಕಟ್ಟಡದಲ್ಲಿ. ಅಕ್ಕ ಅದನ್ನು ಕೊನೆಯಲ್ಲಿ ಬರುವ ಮ್ಯೂಟೂಗೆಂದು ಎತ್ತಿಟ್ಟಿದ್ದಳು. ಒಂದು ಮಧ್ಯಾಹ್ನ ಅವಳು ಟ್ಯೂಷನ್‌ಗೆ ಹೋಗಿದ್ದಾಗ ನಾನು ಅದನ್ನು ತೆಗೆದು ಒಂದು ಪಿಡ್ಜಿಯ ಮೇಲೆ ಎಸೆದೆ. ಪಿಡ್ಜಿ ಎಂದರೆ ಆಟದಲ್ಲಿ ಹೆಜ್ಜೆಹೆಜ್ಜೆಗೂ ಸಿಗುವ ಗುಬ್ಬಿಯಂಥದ್ದು. ಸೇವ್ ಕೂಡ ಮಾಡಿದೆ. ಅಕ್ಕ ಅವತ್ತು ಬೈಯಲಿಲ್ಲ, ಗೇಮ್ ಬಾಯನ್ನು ಪೆಟ್ಟಿಗೆಯೊಳಗಿಟ್ಟಳು, ಮತ್ತೆ ಆಡಲಿಲ್ಲ. ಬೈದಿದ್ದರೆ ನಾನು ಮರೆತುಬಿಡುತ್ತಿದ್ದೆ.

ಹೋದ ವರ್ಷ ಅಟ್ಟ ಗುಡಿಸುವಾಗ ಆ ಪೆಟ್ಟಿಗೆ ಸಿಕ್ಕಿತು. ಬ್ಯಾಟರಿ ಹಾಕಿ ಒತ್ತಿದರೆ ಆಟ ಬಂತು, AKKA ಹೆಸರಿನ ಸೇವ್ ಹಾಗೇ ಇತ್ತು. ನನಗೆ ಖುಷಿಗಿಂತ ಹೆದರಿಕೆ ಹೆಚ್ಚಾಯಿತು. ಈ ಕಾರ್ಟ್ರಿಡ್ಜ್‌ಗಳಲ್ಲಿ ಸೇವ್ ಕೂತಿರುವುದು 32 ಕಿಲೋಬೈಟಿನ ಒಂದು ಮೆಮೊರಿ ಚಿಪ್ಪಿನಲ್ಲಿ. ಅದಕ್ಕೆ ವಿದ್ಯುತ್ ನಿಂತರೆ ನೆನಪೂ ಹೋಯಿತು. ಒಳಗೆ ಬೆಸುಗೆ ಹಾಕಿರುವ ಬಟನ್ ಬ್ಯಾಟರಿಯೊಂದು ವರ್ಷಗಟ್ಟಲೆ ಅದನ್ನು ಹಿಡಿದುಕೊಂಡಿರುತ್ತದೆ. ಕಾಲು ಶತಮಾನ ದಾಟಿದ ಆ ಬ್ಯಾಟರಿ ಇವತ್ತು ಸಾಯಬಹುದು, ನಾಳೆ ಸಾಯಬಹುದು. ಹೊಸದನ್ನು ಹಾಕಲು ಹಳೆಯದನ್ನು ಕಿತ್ತರೂ ಸೇವ್ ಅಳಿಯುತ್ತದೆ. ಅಂದರೆ ಮೊದಲು ಸೇವನ್ನು ಹೊರಗೆ ತೆಗೆದಿಟ್ಟುಕೊಳ್ಳಬೇಕು, ಆಮೇಲೆ ಉಳಿದದ್ದು.

ಕಾರ್ಟ್ರಿಡ್ಜನ್ನು ಕಂಪ್ಯೂಟರಿಗೆ ಸೇರಿಸುವ ಯುಎಸ್‌ಬಿ ರೀಡರ್‌ಗಳು ಸಿಗುತ್ತವೆ. ಒಂದನ್ನು ತರಿಸಿ ಸೇವನ್ನು ಎರಡು ಸಲ ಓದಿಸಿದೆ. ಒಂದೇ ಸಲ ಓದಿ ಸುಮ್ಮನಾಗಬಾರದು. ಹಳೇ ಕಾರ್ಟ್ರಿಡ್ಜಿನ ತಾಮ್ರದ ಹಲ್ಲುಗಳ ಮೇಲೆ ಕಿಲುಬು ಕೂತಿದ್ದರೆ ಅಲ್ಲೊಂದು ಇಲ್ಲೊಂದು ಬೈಟು ತಪ್ಪಾಗಿ ಬರುತ್ತದೆ, ಫೈಲಿನ ಗಾತ್ರ ಮಾತ್ರ ಸರಿಯಾಗೇ ಇರುತ್ತದೆ. ಹಾಗಾಗಿ ಎರಡನ್ನೂ ಹೋಲಿಸಿದೆ:

```
sha256sum akka1.sav akka2.sav
```

ಎರಡು ಸಾಲಿನ ಉದ್ದನೆಯ ಸಂಖ್ಯೆಗಳು ಬೇರೆ ಬೇರೆ ಬಂದವು. ಹತ್ತಿಕಡ್ಡಿಗೆ ಐಸೋಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಹಲ್ಲುಗಳನ್ನು ಉಜ್ಜಿ, ಒಣಗಲು ಬಿಟ್ಟು, ಮತ್ತೆರಡು ಸಲ ಓದಿಸಿದಾಗ ಒಂದೇ ಬಂತು. ಆ ಫೈಲನ್ನು ಮೂಲ ಎಂದು ಹೆಸರಿಟ್ಟು, ಬರೆಯಲಾಗದಂತೆ ಬೀಗ ಹಾಕಿ, ಒಂದು ಪೆನ್‌ಡ್ರೈವಿಗೂ ಹಾಕಿದೆ. ಕೆಲಸಕ್ಕೆಂದು akka-work.sav ಎಂಬ ಬೇರೆ ಪ್ರತಿ ಮಾಡಿಕೊಂಡೆ. ಅದೇ ರೀಡರಿನಿಂದ ಆಟವನ್ನೂ ಓದಿಟ್ಟುಕೊಂಡೆ. ಪ್ರಯೋಗವೆಲ್ಲ ಕಂಪ್ಯೂಟರಿನ ಎಮ್ಯುಲೇಟರಿನಲ್ಲಿ ನಡೆಯಲಿ, ಕಾರ್ಟ್ರಿಡ್ಜಿನ ಮೇಲೆ ಬೇಡ ಅಂತ.

ಇಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಫೈಲು ಕೈಯಲ್ಲಿದೆ, ಆ ಪಿಡ್ಜಿ ತಲೆಯಲ್ಲಿದೆ. ಅಕ್ಕನಿಗೆ ಅವಳ ಮಾಸ್ಟರ್ ಬಾಲ್ ಯಾಕೆ ಹಿಂದಿರುಗಿಸಬಾರದು?

ಮೊದಲ ಪ್ರಯತ್ನದಲ್ಲಿ ಮಹಾ ಪೆದ್ದುತನ ಮಾಡಿದೆ. ಫೈಲನ್ನು ಮಾಮೂಲಿ ಟೆಕ್ಸ್ಟ್ ಎಡಿಟರಿನಲ್ಲಿ ತೆರೆದು, ಏನೂ ಅರ್ಥವಾಗದೆ, ಮುಚ್ಚುವಾಗ ಸೇವ್ ಒತ್ತಿದೆ. ಇಂಥ ಎಡಿಟರ್ ಬೈಟುಗಳನ್ನು ಅಕ್ಷರಗಳೆಂದು ತಿಳಿದು, ಅರ್ಥವಾಗದ್ದನ್ನು ತನಗೆ ತೋಚಿದಂತೆ ತಿದ್ದಿಬಿಡುತ್ತದೆ. ಗಾತ್ರ ನೋಡಿದರೆ 32768 ಬೈಟ್ ಇರಬೇಕಾದ್ದು ಅದಕ್ಕಿಂತ ಹೆಚ್ಚಾಗಿತ್ತು. ಮೂಲಕ್ಕೆ ಬೀಗ ಹಾಕಿದ್ದರಿಂದ ಬದುಕಿದೆ. ಇದಕ್ಕೆ ಬೇಕಾದದ್ದು ಹೆಕ್ಸ್ ಎಡಿಟರ್. ಅದರಲ್ಲೂ ಹೊಸ ಬೈಟು ತೂರಿಸುವ ಬದಲು ಇದ್ದ ಬೈಟಿನ ಮೇಲೇ ಬರೆಯುವಂತೆ ಇಟ್ಟುಕೊಳ್ಳಬೇಕು. ಒಂದು ಬೈಟು ಹೆಚ್ಚಾಗಿ ಸೇರಿದರೂ ಅದರ ಮುಂದಿನದೆಲ್ಲ ಒಂದೊಂದು ಮನೆ ಸರಿದು ಆಟಕ್ಕೆ ಏನೂ ತಿಳಿಯದಂತಾಗುತ್ತದೆ.

ಪೋಕೆಮಾನ್ ರೆಡ್‌ನ ಇಂಗ್ಲಿಷ್ ಆವೃತ್ತಿಯಲ್ಲಿ ಚೀಲದ ವಸ್ತುಗಳು 0x25C9 ಎಂಬ ವಿಳಾಸದಿಂದ ಶುರುವಾಗುತ್ತವೆ. ಮೊದಲ ಬೈಟು ಎಷ್ಟು ಬಗೆಯ ವಸ್ತುಗಳಿವೆ ಅಂತ. ಆಮೇಲೆ ಜೋಡಿ ಜೋಡಿ: ವಸ್ತುವಿನ ಸಂಖ್ಯೆ, ಅದರ ಎಣಿಕೆ. ಪಟ್ಟಿ ಮುಗಿದಲ್ಲಿ FF. ಅಕ್ಕನ ಚೀಲ ಹೀಗಿತ್ತು:

```
25C9: 0E 04 0C 14 03 0B 02 06 01 ...
```

0E ಎಂದರೆ 14 ಬಗೆಯ ವಸ್ತುಗಳು. 04 ಮಾಮೂಲಿ ಪೋಕೆ ಬಾಲ್, 0C ಎಂದರೆ ಅವು 12. 14 ಪೋಷನ್, ಮೂರು. 0B ವಿಷಕ್ಕೆ ಮದ್ದು, ಎರಡು. 06 ಸೈಕಲ್, ಒಂದು. ಓದುತ್ತಾ ಓದುತ್ತಾ ಅಕ್ಕನ ಹಳೇ ಕೈಚೀಲವನ್ನು ಕದ್ದು ನೋಡಿದಂತಾಯಿತು.

ಮಾಸ್ಟರ್ ಬಾಲಿನ ಸಂಖ್ಯೆ 01. ಹೊಸ ಜೋಡಿ ಸೇರಿಸಹೊರಟರೆ ಎಣಿಕೆಯನ್ನೂ ಏರಿಸಬೇಕು, FF ಅನ್ನೂ ಮುಂದಕ್ಕೆ ಸರಿಸಬೇಕು. ಅಷ್ಟು ಕಡೆ ಕೈ ಹಾಕುವ ಧೈರ್ಯವಿರಲಿಲ್ಲ. ಇದ್ದ ಜೋಡಿಯನ್ನೇ ಬದಲಿಸಿದೆ: `04 0C` ಇದ್ದದ್ದನ್ನು `01 01` ಮಾಡಿದೆ. ಎಮ್ಯುಲೇಟರ್ ತೆರೆದೆ. ತೆರೆಯ ಮೇಲೆ ಬಂತು:

`The file data is destroyed!`

ಮೆನುವಿನಲ್ಲಿ ಮುಂದುವರಿಸುವ ಆಯ್ಕೆಯೇ ಇಲ್ಲ, ಹೊಸ ಆಟ ಮಾತ್ರ. ಪ್ರತಿಯ ಮೇಲೆ ಕೆಲಸ ಮಾಡುತ್ತಿದ್ದೇನೆ ಎಂದು ಗೊತ್ತಿದ್ದರೂ ಎದೆ ಧಸಕ್ಕೆಂದಿತು. ನಿಜಕ್ಕೂ ಆ ಹೊತ್ತಿನಲ್ಲಿ ಏನೂ ನಾಶವಾಗಿರುವುದಿಲ್ಲ. ಆಟ ಫೈಲನ್ನು ನಂಬಲು ಒಪ್ಪುತ್ತಿಲ್ಲ, ಅಷ್ಟೆ. ಗಾಬರಿಯಲ್ಲಿ ಹೊಸ ಆಟ ಶುರುಮಾಡಿ ಸೇವ್ ಒತ್ತಿದರೆ ಮಾತ್ರ ನಿಜವಾದ ನಾಶ.

ಆಟ ಯಾಕೆ ನಂಬಲಿಲ್ಲ? 0x3523ರಲ್ಲಿ ಒಂದು ಬೈಟು ಕೂತಿದೆ, ಅದೇ ಚೆಕ್‌ಸಮ್. ಸೇವ್ ಮಾಡುವಾಗ ಆಟ 0x2598ರಿಂದ 0x3522ರವರೆಗಿನ 3979 ಬೈಟುಗಳನ್ನೂ ಕೂಡುತ್ತದೆ. ಮೊತ್ತ 256 ಮುಟ್ಟಿದಾಗಲೆಲ್ಲ ಮತ್ತೆ ಸೊನ್ನೆಯಿಂದ ಶುರು, ಹಳೇ ಸ್ಕೂಟರಿನ ಮೀಟರು ತಿರುಗಿ ಸೊನ್ನೆಗೆ ಬಂದ ಹಾಗೆ. ಕೊನೆಗೆ ಉಳಿದದ್ದನ್ನು 255ರಿಂದ ಕಳೆದು ಬರೆದಿಡುತ್ತದೆ. ಮುಂದಿನ ಸಲ ತೆರೆದಾಗ ಮತ್ತೆ ಕೂಡಿ ತಾಳೆ ನೋಡುತ್ತದೆ. ಕಳೆದು ಬರೆಯುವುದರಲ್ಲೂ ಜಾಣತನವಿದೆ. ಇಡೀ ಚಿಪ್ಪು ಸೊನ್ನೆಯಾಗಿಬಿಟ್ಟರೆ ಮೊತ್ತವೂ ಸೊನ್ನೆ, ಬರೆದಿಟ್ಟದ್ದೂ ಸೊನ್ನೆ, ಎರಡೂ ತಾಳೆಯಾಗುತ್ತಿತ್ತು. ಕಳೆದಿದ್ದರಿಂದ ಅಲ್ಲಿ 255 ಇರಬೇಕಾಗುತ್ತದೆ, ಖಾಲಿ ಚಿಪ್ಪು ಸಿಕ್ಕಿಬೀಳುತ್ತದೆ. ಸೇವ್ ಆಗುವಾಗ ಮಕ್ಕಳು ಗುಂಡಿ ಆರಿಸಿದರೆ ಅರ್ಧ ಹಳತು ಅರ್ಧ ಹೊಸತು ಉಳಿಯುತ್ತದಲ್ಲ, ಅಂಥದ್ದನ್ನು ಹಿಡಿಯಲು ಈ ಲೆಕ್ಕ ಚೆನ್ನಾಗಿ ಒದಗುತ್ತದೆ. ನನ್ನಂಥ ತಿದ್ದುವವರು ಅದಕ್ಕೆ ಅಕಸ್ಮಾತ್ತಾಗಿ ಸಿಕ್ಕಿಬೀಳುತ್ತಾರೆ.

ಈಗ ಲೆಕ್ಕ ಕೈಯಲ್ಲೇ ಆಗುತ್ತದೆ. 04 ಹೋಗಿ 01 ಬಂತು, ಮೂರು ಇಳಿಯಿತು. 12 ಹೋಗಿ 1 ಬಂತು, ಹನ್ನೊಂದು ಇಳಿಯಿತು. ಮೊತ್ತ 14 ಇಳಿದರೆ, 255ರಿಂದ ಕಳೆದು ಬರೆದ ಸಂಖ್ಯೆ 14 ಏರಬೇಕು. ಅಲ್ಲಿದ್ದದ್ದು 6B. ಅದಕ್ಕೆ ಹೆಕ್ಸ್‌ನಲ್ಲಿ 0E ಕೂಡಿದರೆ 79.

ಒಂದು ಪುಟ್ಟ ಪೈಥಾನ್ ತುಣುಕನ್ನೂ ಬರೆದೆ, ಕೈಲೆಕ್ಕದ ಮೇಲೆ ನಂಬಿಕೆ ಸಾಲದೆ:

```
d = bytearray(open("akka-work.sav", "rb").read())
assert len(d) == 32768
s = sum(d[0x2598:0x3523]) & 0xFF
print(hex(d[0x3523]), hex(255 - s))
d[0x3523] = 255 - s
open("akka-new.sav", "wb").write(d)
```

ಇದನ್ನು ನಾನು ಮೊದಲು ಓಡಿಸಿದ್ದು ಏನೂ ತಿದ್ದದ ಪ್ರತಿಯ ಮೇಲೆ. ಅಲ್ಲಿ ಎರಡೂ ಸಂಖ್ಯೆ 6B ಎಂದೇ ಬಂತು. ಈ ಹೆಜ್ಜೆ ಬಿಡಬಾರದು. ಆಟದ ಬೇರೆ ಭಾಷೆಯ ಆವೃತ್ತಿಗಳಲ್ಲಿ ವಿಳಾಸಗಳು ಬೇರೆ ಇರಬಹುದು. ಮುಟ್ಟದ ಫೈಲಿನಲ್ಲೇ ಲೆಕ್ಕ ತಾಳೆಯಾಗದಿದ್ದರೆ ನಮಗೆ ತಿಳಿದ ವಿಳಾಸವೋ ಸೂತ್ರವೋ ತಪ್ಪು, ಇಲ್ಲವೇ ಓದಿದ್ದೇ ತಪ್ಪು. ಅಲ್ಲಿಗೇ ನಿಲ್ಲಿಸಬೇಕು. ತಿದ್ದಿದ ಪ್ರತಿಯ ಮೇಲೆ ಓಡಿಸಿದಾಗ 6B, 79 ಬಂತು. ಕೈಲೆಕ್ಕ ಗೆದ್ದಿತು.

ಚೆಕ್‌ಸಮ್ ಒಪ್ಪಿತೆಂದರೆ ತಿದ್ದಿದ್ದು ಸರಿ ಅಂತೇನೂ ಅಲ್ಲ. ಬರೀ ಕೂಡುವ ಲೆಕ್ಕಕ್ಕೆ ಕ್ರಮ ಗೊತ್ತಿಲ್ಲ. `04 0C` ಅನ್ನು ಅದಲು ಬದಲು ಮಾಡಿ `0C 04` ಎಂದು ಬರೆದರೂ ಮೊತ್ತ ಅದೇ, ಆಟ ಕಣ್ಣುಮುಚ್ಚಿ ಒಪ್ಪುತ್ತದೆ, ಚೀಲದಲ್ಲಿ ಮಾತ್ರ ಪೋಕೆ ಬಾಲಿನ ಬದಲು ಬೇರೇನೋ ಇರುತ್ತದೆ. ಅದಕ್ಕೇ ಎಮ್ಯುಲೇಟರಿನಲ್ಲಿ ಚೀಲ ತೆರೆದು ಪ್ರತಿ ಸಾಲು ನೋಡಿದೆ, ಆಟದೊಳಗಿಂದಲೇ ಒಮ್ಮೆ ಸೇವ್ ಮಾಡಿಸಿ, ಮುಚ್ಚಿ, ಮತ್ತೆ ತೆರೆದೆ. ಇನ್ನೊಂದು ಬಲೆಯಿದೆ: ಎಮ್ಯುಲೇಟರ್ ತೆರೆದಿರುವಾಗಲೇ ಫೈಲನ್ನು ತಿದ್ದಿದರೆ, ಅದು ಮುಚ್ಚುವಾಗ ತನ್ನ ನೆನಪಿನಲ್ಲಿರುವ ಹಳೆಯದನ್ನೇ ಮೇಲೆ ಬರೆಯಬಹುದು. ತಿದ್ದಿದ್ದು ಮಾಯವಾದರೆ ಮೊದಲು ಅನುಮಾನಿಸಬೇಕಾದ್ದು ಅದನ್ನೇ. ಇತ್ತೀಚಿನ ಎಷ್ಟೋ ಆಟಗಳು ಕೂಡುವ ಲೆಕ್ಕದ ಬದಲು ಗುಟ್ಟಿನ ಕೀಲಿ ಹಾಕಿ ಸಹಿ ಮಾಡುತ್ತವೆ. ಕೀಲಿ ಇಲ್ಲದೆ ಹೊಸ ಸಹಿ ಹಾಕಲಾಗುವುದಿಲ್ಲ, ಅಲ್ಲಿ ನಮ್ಮ ಈ ಕೂಡು-ಕಳೆ ನಡೆಯದು.

ಎಸ್.ಪಿ. ರೋಡಿನ ರಿಪೇರಿ ಅಂಗಡಿಯೊಂದರಲ್ಲಿ ಹೊಸ ಬ್ಯಾಟರಿ ಬೆಸೆಸಿದೆ. ನಿರೀಕ್ಷಿಸಿದಂತೆ ಕಾರ್ಟ್ರಿಡ್ಜಿನಿಂದ AKKA ಮಾಯವಾಗಿದ್ದಳು. ತಿದ್ದಿದ ಫೈಲನ್ನು ರೀಡರಿನಿಂದ ಬರೆಸಿ, ಮತ್ತೆ ಓದಿಸಿ, ಬರೆದದ್ದೂ ಓದಿದ್ದೂ ಒಂದೇ ಎಂದು ನೋಡಿಕೊಂಡೆ. ಒಂದು ದಿನ ಹಾಗೇ ಬಿಟ್ಟು ಮತ್ತೆ ಓದಿಸಿದೆ, ಬೆಸುಗೆ ಸಡಿಲವಿದ್ದರೆ ಗೊತ್ತಾಗಲಿ ಅಂತ. ಎಲ್ಲ ಇತ್ತು.

ದೀಪಾವಳಿಗೆ ಅಕ್ಕ ಬಂದಾಗ ಅವಳ ಕೈಗೆ ಕೊಟ್ಟೆ, ಏನೂ ಹೇಳಲಿಲ್ಲ. ಜಗಲಿಯಲ್ಲಿ ಕೂತು ಚೀಲ ತೆರೆದಳು. ಮೊದಲ ಸಾಲಿನಲ್ಲಿ MASTER BALL, ಒಂದು. ತುಂಬ ಹೊತ್ತು ನೋಡಿದಳು. ನಾನು ಕಾಯುತ್ತಾ ನಿಂತೆ.

"ಲೋ ಮಂಗ," ಅಂದಳು ತಲೆಯೆತ್ತದೆ, "ನನ್ನ ಹನ್ನೆರಡು ಪೋಕೆ ಬಾಲ್ ಎಲ್ಲೋ ಮಾರಾಯ?"