‘ನೋಡೂಣು’ ಅಂತ ಬರೆದ ಹಾಳಿ

ಅಣ್ಣಿಗೇರಿಯ ನಮ್ಮ ಅಕ್ಕನ ಮಗಳು ನಿಶ್ಚಯಕ್ಕ ಮೊದಲು ನೋಟ್‌ಬುಕ್ಕಿನ ಎರಡು ಹಾಳಿ ಹರಿದು, ಒಂದನ್ನ ಹುಡುಗಗ ಕೊಟ್ಟಳು. ಪ್ರಶ್ನೆ ಅವೇ, ಉತ್ತರ ಬ್ಯಾರೆ ಬ್ಯಾರೆ ಕೂತು ಬರೀಬೇಕು, ಆಮ್ಯಾಲೆ ಅದಲು ಬದಲು. (ಎದುರಿಗೆ ಕೂತು ಕೇಳಿದರ ಇಬ್ಬರೂ ನಾಚಿ ‘ಹೂಂ’ ಅಂತಾರ.) ಬಾಣಂತನ ಮುಗಿಸಿ ಬಂದಮ್ಯಾಲೆ ಹುಬ್ಬಳ್ಳಿ ನೌಕರಿಗೆ ಹೋದರ ಕೂಸು ಯಾರ ಕಡೆ? ಗುಟ್ಕಾ, ಶೆರೆ, ಕೈಸಾಲ ಅದಾವೇನು? ಇವಕ್ಕ ಉತ್ತರ ಹೊಂದಿದವು.

‘ನನ್ನ ಪಗಾರದಾಗ ನಮ್ಮ ಅಪ್ಪ-ಅವ್ವಗ ತಿಂಗಳಾ ಎಷ್ಟು ಕೊಡಬೇಕು?’ ಅನ್ನೋದಕ್ಕ ಅವ ‘ನೋಡೂಣು’ ಅಂತ ಬರೆದಿದ್ದ. ಆಕಿ ಅಲ್ಲೇ ನಿಂತಳು. ತಂದಿ-ತಾಯಿನ್ನ ನೋಡಿಕೊಳ್ಳೋ ಹೊಣಿ 2007ರ ಕಾಯ್ದೆ ಪ್ರಕಾರ ಮಗನಷ್ಟೇ ಮಗಳಿಗೂ ಐತಿ ಅಂದಳು. ಎರಡು ತಾಸು ಮಾತಾಡಿದರು. ಅವ ‘ನೋಡೂಣು’ ಹೊಡೆದುಹಾಕಿ, 3,000 ಅಂತ ಬರೆದ.