ಮೊಮ್ಮಗಳ ಹೆಬ್ಬೆರಳು

ನಮ್ಮ ಮನೆಯಲ್ಲಿ ಒಂದೇ ಕಾಲದಲ್ಲಿ ಇಬ್ಬರು ಮಕ್ಕಳು ಎರಡು ಬಗೆಯಾಗಿ ಚೀಪುತ್ತಿದ್ದರು. ಮೊಮ್ಮಗನ ಬಾಯಲ್ಲಿ ರಬ್ಬರಿನ ನಿಪ್ಪಲ್, ಮೊಮ್ಮಗಳ ಬಾಯಲ್ಲಿ ಅವಳದೇ ಬಲಗೈ ಹೆಬ್ಬೆರಳು. ನಿಪ್ಪಲ್ ಬಿಡಿಸಲು ಎರಡು ವಾರಗಳು ಸಾಕಾದವು. ಬೆರಳು ಬಿಡಿಸಲು ಮೂರು ತಿಂಗಳು ಹಿಡಿಯಿತು. ಆ ಮೂರು ತಿಂಗಳಿಗೆ ಮುನ್ನ ನಾನು ಮಾಡಿದ ತಪ್ಪುಗಳನ್ನೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮದು ಮೇಟ್ಟುಪಾಳಯದ ಬಳಿಯ ಸಿರುಮುಗೈ. ಮಗ್ಗದ ಮನೆತನ, ಮನೆಮಾತು ಕನ್ನಡ. ಮಗಳು ತಿರುಪ್ಪೂರಿನ ಬನಿಯನ್ ಕಂಪನಿಯೊಂದರಲ್ಲಿ ದುಡಿಯುತ್ತಾಳೆ. ಎರಡನೆಯ ಹೆರಿಗೆಯಾದ ಮೇಲೆ ಮಕ್ಕಳನ್ನು ನೋಡಿಕೊಳ್ಳಲು ನಾನೂ ತಿರುಪ್ಪೂರಿಗೆ ಬಂದು ನೆಲೆಸಿದೆ.

ಮೊಮ್ಮಗ ದಿನ ತುಂಬುವ ಮೊದಲೇ, ಮೂವತ್ತಮೂರನೆಯ ವಾರದಲ್ಲಿ ಕೊಯಮತ್ತೂರಿನ ಆಸ್ಪತ್ರೆಯಲ್ಲಿ ಹುಟ್ಟಿದನು. ಹಾಲನ್ನು ಸಣ್ಣ ಕೊಳವೆಯ ಮೂಲಕ ಹೊಟ್ಟೆಗೆ ಇಳಿಸುತ್ತಿದ್ದರು. ಹಾಗೆ ಇಳಿಸುವಾಗ ನರ್ಸಮ್ಮ ಅವನ ಬಾಯಿಗೆ ಪುಟ್ಟ ನಿಪ್ಪಲ್ ಇಡುವುದನ್ನು ಕಂಡು ನನಗೆ ಸಿಟ್ಟು ಬಂದಿತು. ಆಕೆ ಸಮಾಧಾನದಿಂದ ತಿಳಿಸಿದರು: ಚೀಪುವುದು, ನುಂಗುವುದು, ಉಸಿರಾಡುವುದು, ಈ ಮೂರನ್ನೂ ಹೊಂದಿಸಿಕೊಳ್ಳುವ ಶಕ್ತಿ ಇಂತಹ ಶಿಶುಗಳಿಗೆ ಇನ್ನೂ ಬಲಿತಿರುವುದಿಲ್ಲ, ಬರಿದೇ ಚೀಪುವ ಅಭ್ಯಾಸವಾದರೆ ಕೊಳವೆಯಿಂದ ತಾಯಿಯ ಎದೆಗೆ ಬೇಗ ಬರುತ್ತವೆ. ನಮ್ಮ ಕೂಸಿನ ಮಟ್ಟಿಗೆ ಹಾಗೆಯೇ ಆಯಿತು. ಮನೆಗೆ ಕಳುಹಿಸುವಾಗ ವೈದ್ಯರು ಇನ್ನೆರಡು ಮಾತು ಹೇಳಿದರು. ಮಲಗಿಸುವಾಗ ನಿಪ್ಪಲ್ ಕೊಟ್ಟರೆ ನಿದ್ದೆಯಲ್ಲಿಯೇ ಹಠಾತ್ತನೆ ಶಿಶು ತೀರಿಕೊಳ್ಳುವ ಅಪಾಯ ಕಡಿಮೆಯಾಗುವುದು ಕಂಡುಬಂದಿದೆ. ಆದರೆ ಹಸಿವಿಗೆ ಉತ್ತರ ಎದೆಹಾಲು, ನಿಪ್ಪಲ್ ಅಲ್ಲ. ದಿನ ತುಂಬಿ ಹುಟ್ಟಿದ ಮಗುವಾದರೆ ಹಾಲೂಡಿಕೆ ಚೆನ್ನಾಗಿ ನೆಲೆಗೊಳ್ಳುವವರೆಗೆ, ಎಂದರೆ ಸುಮಾರು ಮೂರು ನಾಲ್ಕು ವಾರ, ಅದನ್ನು ಕೊಡದಿರುವುದೇ ಲೇಸು.

ಮನೆಗೆ ಬಂದ ಮೇಲೆ ನಾನು ಮಾಡಿದ ಮೊದಲ ತಪ್ಪು, ನಿಪ್ಪಲ್ ನೆಲಕ್ಕೆ ಬೀಳದಿರಲೆಂದು ಕರಿದಾರ ಪೋಣಿಸಿ ಕೂಸಿನ ಕೊರಳಿಗೆ ಕಟ್ಟಿದ್ದು. ಲಸಿಕೆಗೆ ಹೋದಾಗ ನರ್ಸಮ್ಮ ಕತ್ತರಿ ತಂದು ಅದನ್ನು ಕತ್ತರಿಸಿ ಹಾಕಿದರು. ನಿದ್ದೆಯಲ್ಲಿ ಹೊರಳಿದರೆ ಆ ದಾರವೇ ಉರುಳಾಗುತ್ತದೆ. ಅಳು ನಿಲ್ಲಲೆಂದು ಜೇನಿನಲ್ಲಿ ಅದ್ದಿ ಕೊಡಲು ಹೊರಟಾಗ ಮಗಳು ತಡೆದಳು. ವರ್ಷ ತುಂಬದ ಮಗುವಿಗೆ ಜೇನು ಕೊಡಲಾಗದು. ಅದರಲ್ಲಿರಬಹುದಾದ ಒಂದು ಬಗೆಯ ಸೂಕ್ಷ್ಮಜೀವಿ ಶಿಶುವಿನ ಕರುಳಿನಲ್ಲಿ ವಿಷವನ್ನು ಹುಟ್ಟಿಸಿ ಮೈಯನ್ನು ನಿತ್ರಾಣಗೊಳಿಸಬಲ್ಲದು. ಎಂಟನೆಯ ತಿಂಗಳಿನಲ್ಲಿ ಮೊಮ್ಮಗನಿಗೆ ಎರಡು ಬಾರಿ ಕಿವಿ ಸೋರಿತು. ಆರು ತಿಂಗಳ ನಂತರವೂ ನಿಪ್ಪಲ್ ಚೀಪುವ ಮಕ್ಕಳಲ್ಲಿ ಕಿವಿಯ ಸೋಂಕು ಹೆಚ್ಚೆಂದು ವೈದ್ಯರು ಹೇಳಿದರು. ನಿದ್ದೆಯ ಹೊತ್ತಿಗೆ ಮಾತ್ರ ಎಂದು ಮಿತಿಗೊಳಿಸಿದೆವು. ವರ್ಷ ತುಂಬಿದ ಮೇಲೆ ಅದನ್ನೂ ನಿಲ್ಲಿಸಿದೆವು. ಕೆಲವು ರಾತ್ರಿ ಅತ್ತನು, ಎರಡು ವಾರದಲ್ಲಿ ಮರೆತನು. ವಸ್ತುವನ್ನಾದರೆ ಪೆಟ್ಟಿಗೆಯಲ್ಲಿಟ್ಟು ಮುಚ್ಚಬಹುದು.

ಬೆರಳನ್ನು ಹಾಗೆ ಮುಚ್ಚಿಡಲಾಗದು. ತಾಯಿಯ ಗರ್ಭದಲ್ಲಿಯೇ ಬೆರಳು ಚೀಪುವ ಶಿಶುಗಳನ್ನು ಸ್ಕ್ಯಾನಿಂಗಿನಲ್ಲಿ ಕಾಣಬಹುದು. ಎರಡು ಮೂರು ವರ್ಷದವರೆಗೆ ಅದು ಮಗು ತನ್ನನ್ನು ತಾನೇ ಸಂತೈಸಿಕೊಳ್ಳುವ ಬಗೆ, ಚಿಂತೆಗೆ ಕಾರಣವಲ್ಲ. ಬಹುಪಾಲು ಮಕ್ಕಳು ನಾಲ್ಕರ ಒಳಗೆ ತಾವಾಗಿಯೇ ಬಿಡುತ್ತಾರೆ. ನಮ್ಮ ಮೊಮ್ಮಗಳೂ ಬಿಟ್ಟಂತೆಯೇ ಇದ್ದಳು. ಅವಳಿಗೆ ನಾಲ್ಕು ತುಂಬಿದಾಗ ತಮ್ಮ ಹುಟ್ಟಿದನು. ತಾಯಿ ಆಸ್ಪತ್ರೆಯಲ್ಲಿ ಉಳಿದ ಆ ವಾರಗಳಲ್ಲಿ ಬೆರಳು ಮತ್ತೆ ಬಾಯಿಗೆ ಹೋಯಿತು.

ನಾನು ಗದರಿದೆ, ಕೈಯನ್ನು ಎಳೆದೆ, ನೆಂಟರ ಎದುರಿನಲ್ಲಿ ಹಂಗಿಸಿದೆ. ಕೊನೆಗೆ ಬೆರಳಿಗೆ ಬೇವಿನ ಎಣ್ಣೆ ಹಚ್ಚಿದೆ. ಅವಳು ಅದನ್ನು ಲಂಗಕ್ಕೆ ಒರೆಸಿಕೊಂಡು ಹೊದಿಕೆಯೊಳಗೆ ಮುಖ ಮರೆಸಿ ಚೀಪಿದಳು. ಬೇವಿನ ಎಣ್ಣೆ ಹೊಟ್ಟೆಗೆ ಹೋಗಿ ಎಳೆಯ ಮಕ್ಕಳು ವಾಂತಿ, ಸೆಳವುಗಳಿಗೆ ತುತ್ತಾದದ್ದುಂಟೆಂದು ಮುಂದೆ ತಿಳಿದಾಗ ನನ್ನ ಎದೆ ನಡುಗಿತು.

ಅವಳಿಗೆ ಐದು ತುಂಬಿದಾಗ ಒಂದು ಸಂಜೆ ಕೋಡುಬಳೆ ಕೊಟ್ಟೆ. ಮುಂದಿನ ಹಲ್ಲಿನಿಂದ ಕಚ್ಚದೆ ಬಾಯಿಯ ಪಕ್ಕಕ್ಕೆ ಸರಿಸಿ ಮುರಿಯುತ್ತಿದ್ದಳು. ಹಿಂದಿನ ಹಲ್ಲುಗಳನ್ನು ಕಚ್ಚಿ ಹಿಡಿಯಲು ಹೇಳಿ ನೋಡಿದೆ. ಮೇಲಿನ ಮತ್ತು ಕೆಳಗಿನ ಮುಂಬಲ್ಲುಗಳ ನಡುವೆ ನನ್ನ ಪೆನ್ಸಿಲಿನಷ್ಟು ಸಂದು. ‘ಸೂರ್ಯ’ ಎನ್ನುವಾಗ ನಾಲಗೆಯ ತುದಿ ಆ ಸಂದಿಯಿಂದ ಹೊರಗೆ ಇಣುಕುತ್ತಿತ್ತು.

ದಂತವೈದ್ಯರು ಮೊದಲು ನೋಡಿದ್ದು ಹಲ್ಲನ್ನಲ್ಲ, ಅವಳ ಎರಡು ಹೆಬ್ಬೆರಳುಗಳನ್ನು. ಎಡಗೈಯದು ಆಟದ ಮಣ್ಣಿನಿಂದ ಮಾಸಿತ್ತು. ಬಲಗೈಯದು ತೊಳೆದಂತೆ ಬೆಳ್ಳಗೆ, ಗೆಣ್ಣಿನ ಮೇಲೆ ಗಟ್ಟಿ ಚರ್ಮ. ಗಟ್ಟಿ ಚರ್ಮವಿದ್ದರೆ ಬಲವಾಗಿ, ಬಹಳ ಹೊತ್ತು ಚೀಪುತ್ತಾಳೆಂದು ಅರ್ಥ ಎಂದರು. ಸುಮ್ಮನೆ ಬೆರಳಿಟ್ಟುಕೊಂಡಿರುವುದಕ್ಕಿಂತ ಇಡೀ ರಾತ್ರಿ ಬಿಗಿದು ಎಳೆಯುವುದೇ ಹಲ್ಲನ್ನು ಸರಿಸುವುದು. ಹಾಲುಹಲ್ಲಿನ ಕಾಲದಲ್ಲಿಯೇ ಬಿಟ್ಟರೆ ಸಂದು ಹೆಚ್ಚಿನ ಮಟ್ಟಿಗೆ ತಾನಾಗಿಯೇ ಕೂಡಿಕೊಳ್ಳುತ್ತದೆ. ಆರು ಏಳು ವರ್ಷಕ್ಕೆ ಶಾಶ್ವತ ಮುಂಬಲ್ಲುಗಳು ಬರುತ್ತವೆ. ಆಗಲೂ ಮುಂದುವರಿದರೆ ಅಂಗುಳಿಗೆ ತಂತಿಯ ಸಾಧನ ಕೂಡಿಸಬೇಕಾಗಬಹುದು. ನಮಗೆ ಉಳಿದದ್ದು ಒಂದು ವರ್ಷ.

“ಗದರಬೇಡಿ ಅಮ್ಮ, ಯಾವಾಗ ಚೀಪುತ್ತಾಳೆಂದು ಒಂದು ವಾರ ಬರೆದಿಡಿ” ಎಂದರು. ಬರೆದೆ. ಮೂರೇ ಹೊತ್ತು: ತಾಯಿ ಕೆಲಸಕ್ಕೆ ಹೊರಟಾಗ, ಟಿವಿ ನೋಡುವಾಗ, ಮಲಗುವಾಗ. ಎರಡೂ ಕೈಗೆ ಕೆಲಸವಿದ್ದಾಗ ಒಮ್ಮೆಯೂ ಇಲ್ಲ.

ಹೊರಡುವ ಮೊದಲು ಮಗಳು ಹತ್ತು ನಿಮಿಷ ತಮ್ಮನನ್ನು ನನಗೆ ಕೊಟ್ಟು ಅವಳೊಬ್ಬಳಿಗೇ ತಲೆ ಬಾಚತೊಡಗಿದಳು. ಟಿವಿಯ ಹೊತ್ತಿಗೆ ನಾನು ಹೂ ಕಟ್ಟಲು ಕುಳಿತು, ಮಲ್ಲಿಗೆಯ ಮೊಗ್ಗುಗಳನ್ನು ಎರಡೆರಡಾಗಿ ಜೋಡಿಸಿ ಕೊಡುವ ಕೆಲಸವನ್ನು ಅವಳಿಗೆ ವಹಿಸಿದೆ. ಇವೆರಡೂ ಮೂರು ವಾರದಲ್ಲಿ ಹತೋಟಿಗೆ ಬಂದವು.

ರಾತ್ರಿಯದೇ ಕಷ್ಟ. ನಿದ್ದೆಯಲ್ಲಿ ಬೆರಳು ತಾನಾಗಿ ಹೋಗುತ್ತದೆ. ಅಲ್ಲಿ ಮಗುವಿನ ತಪ್ಪಿಲ್ಲ. ಅವಳನ್ನೇ ಕೇಳಿದೆ. “ನೆನಪು ಮಾಡೋಕೆ ಏನಾದ್ರೂ ಹಾಕು ಅಜ್ಜಿ” ಎಂದಳು. ಮೆತ್ತನೆಯ ಬನಿಯನ್ ಬಟ್ಟೆಯ ತುಂಡಿನಲ್ಲಿ ಕೈಚೀಲ ಹೊಲಿದೆ. ಮಣಿಕಟ್ಟಿಗೆ ದಾರವಾಗಲಿ ಬಿಗಿಯಾದ ರಬ್ಬರಾಗಲಿ ಇಲ್ಲ. ಬೇಡವೆನಿಸಿದರೆ ಅವಳೇ ತೆಗೆಯಬಹುದು. ಬೆಳಿಗ್ಗೆ ಚೀಲ ಒಣಗಿದ್ದರೆ ಕ್ಯಾಲೆಂಡರಿನಲ್ಲಿ ಅವಳೇ ಒಂದು ಹೂ ಬರೆಯಬೇಕು. ಒದ್ದೆಯಾಗಿದ್ದರೆ ಯಾರೂ ಮಾತನಾಡಬಾರದು. ಮೊದಲ ವಾರ ಎರಡು ಹೂ, ನಾಲ್ಕನೆಯ ವಾರ ಐದು. ಆರನೆಯ ವಾರ ಜ್ವರ ಬಂದು ಒಂದೂ ಇಲ್ಲ. ನನ್ನ ನಾಲಗೆಯ ತುದಿಗೆ ಬಂದ ಮಾತನ್ನು ನುಂಗಿಕೊಂಡೆ. ಹನ್ನೆರಡನೆಯ ವಾರ ಏಳು ಹೂಗಳು. ಗೆಣ್ಣಿನ ಮೇಲಿನ ಗಟ್ಟಿ ಚರ್ಮ ಮೆತ್ತಗಾಗಿತ್ತು. ಸುಳ್ಳು ಹೇಳದ ಸಾಕ್ಷಿ ಅದೇ.

ಆರು ತಿಂಗಳಿಗೆ ಸಂದು ಅರ್ಧಕ್ಕೆ ಇಳಿಯಿತು. ‘ಸ’ಕಾರ ಇನ್ನೂ ಪೂರ್ತಿ ತಿದ್ದಿಲ್ಲ, ಐದಾರು ವರ್ಷದ ಎಷ್ಟೋ ಮಕ್ಕಳಿಗೆ ಅದು ತಡವಾಗಿ ಬರುವುದರಿಂದ, ಎಲ್ಲವನ್ನೂ ಬೆರಳಿನ ತಲೆಗೆ ಕಟ್ಟಬೇಡಿ, ಏಳರವರೆಗೆ ಕಾಯಿರಿ ಎಂದಿದ್ದಾರೆ ವೈದ್ಯರು. ಕಳೆದ ತಿಂಗಳು ಕೆಳಗಿನ ಹೊಸ ಹಲ್ಲು ಎರಡು ಮೂಡಿದವು.

ಮೊನ್ನೆ ಕೋಡುಬಳೆ ಮಾಡಿದ್ದೆ. ಅವಳು ಒಂದನ್ನು ಬಾಯಿಯ ನಡುವಿಗೇ ಹಿಡಿದು ಕಟಕ್ಕನೆ ಕಡಿದು, ನಾನು ನೋಡಿದೆನೇ ಎಂದು ಓರೆಗಣ್ಣಿನಿಂದ ನೋಡಿದಳು.